ಮೇಲಿನಿಂದ ಅಡುಗೆ ವಿಡಿಯೊ ತೆಗೆಯುವುದು: ಕ್ಯಾಮೆರಾ, ಬೆಳಕು ಮತ್ತು ಶಾಟ್‌ಗಳ ಸರದಿ

ಕ್ಯಾಮೆರಾವನ್ನು ಮೇಜಿನ ಮೇಲೆ ನೇರ ಕೆಳಮುಖವಾಗಿ ಕಟ್ಟಿ ಅಡುಗೆ ಚಿತ್ರಿಸುವಾಗ ಒಲೆ ಹಚ್ಚಿದ ಮೇಲೆ ಸರಿಪಡಿಸಲು ಆಗುವುದು ತೀರಾ ಕಡಿಮೆ. ಎಣ್ಣೆ ಕಾದಿರುವಾಗ ಸ್ಟ್ಯಾಂಡ್ ಸರಿಸಲು ಬರುವುದಿಲ್ಲ, ಹುಯ್ದ ಮೊಟ್ಟೆಯನ್ನು ವಾಪಸ್ ಬಟ್ಟಲಿಗೆ ತುಂಬಲಾಗದು. ಹಾಗಾಗಿ ಇಲ್ಲಿ ಹೇಳಿರುವ ಕೆಲಸದ ಬಹುಪಾಲು ಅಡುಗೆಗೆ ಮುಂಚಿನದು. ಉದಾಹರಣೆಗೆ ಈರುಳ್ಳಿ ಟೊಮೆಟೊ ಹಾಕಿದ ಆಮ್ಲೆಟ್ ತೆಗೆದುಕೊಳ್ಳೋಣ. ಸಾಮಗ್ರಿ ಐದಾರೇ, ಸಮಯ ಕೆಲವೇ ನಿಮಿಷ. ಆದರೆ ಕಪ್ಪು ಪ್ಯಾನ್, ಬಿಳಿ ತಟ್ಟೆ, ಹೊಳೆಯುವ ಎಣ್ಣೆ, ಹಬೆ, ತಿರುಗಿ ಮಾಡಲಾಗದ ಹಂತಗಳು ಎಲ್ಲವೂ ಅದರಲ್ಲಿವೆ. ಕ್ಯಾಮೆರಾ ಎಂದರೆ ಇಲ್ಲಿ ಮೊಬೈಲ್ ಫೋನ್.

ಎತ್ತರ ಎಷ್ಟಿರಬೇಕು

ಹೆಚ್ಚಿನವರು ಫೋನನ್ನು ಮೇಜಿನಿಂದ ಅರ್ಧ ಮೀಟರ್ ಮೇಲೆ ಕಟ್ಟಿ, ಮಾಮೂಲಿ 1x ಲೆನ್ಸ್‌ನಲ್ಲೇ ತೆಗೆಯುತ್ತಾರೆ. ಫ್ರೇಮ್ ತುಂಬುತ್ತದೆ ನಿಜ, ಆದರೆ ಕೈ ಬಂದ ಕೂಡಲೇ ಚಿತ್ರ ವಿಕಾರವಾಗುತ್ತದೆ. ಕಾರಣ ಲೆನ್ಸ್ ಅಲ್ಲ, ದೂರ. ಫೋನ್ 55 ಸೆಂ.ಮೀ. ಎತ್ತರದಲ್ಲಿದ್ದು, ಕೈ ಮೇಜಿನಿಂದ 15 ಸೆಂ.ಮೀ. ಮೇಲೆ ಆಡುತ್ತಿದೆ ಎಂದುಕೊಳ್ಳಿ. ಕೈಗೂ ಲೆನ್ಸಿಗೂ ಉಳಿದ ದೂರ 40 ಸೆಂ.ಮೀ. ಮಾತ್ರ. 55ನ್ನು 40ರಿಂದ ಭಾಗಿಸಿದರೆ ಸುಮಾರು 1.4. ಅಂದರೆ ಮೇಜಿನ ಮೇಲಿನ ವಸ್ತುಗಳಿಗೆ ಹೋಲಿಸಿದರೆ ಕೈ ಸುಮಾರು ನೂರಕ್ಕೆ ನಲವತ್ತರಷ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಫೋನನ್ನು 110 ಸೆಂ.ಮೀ.ಗೆ ಏರಿಸಿ 2x ಬಳಸಿದರೆ ಫ್ರೇಮಿನಲ್ಲಿ ಕಾಣುವ ಜಾಗ ಅಷ್ಟೇ ಇರುತ್ತದೆ, ಕೈ ಮಾತ್ರ ನೂರಕ್ಕೆ ಹದಿನಾರರಷ್ಟೇ ಹಿಗ್ಗುತ್ತದೆ. ಹಬೆಯಿಂದಲೂ ಫೋನ್ ದೂರ ಉಳಿಯುತ್ತದೆ. ಹಾಗಾಗಿ 2x ಇದ್ದ ಕಡೆಯೆಲ್ಲ ಎತ್ತರವನ್ನೇ ಆರಿಸಿಕೊಳ್ಳಿ. ಒಂದೇ ಷರತ್ತು: ಅನೇಕ ಫೋನ್‌ಗಳ 2x ಎಂದರೆ ಮುಖ್ಯ ಸೆನ್ಸರಿನ ನಡುಭಾಗವನ್ನು ಕತ್ತರಿಸಿ ಕೊಡುವುದು. ಬೆಳಕು ಸಾಲದಿದ್ದರೆ ಚಿತ್ರ ಕಾಳುಕಾಳಾಗಿ ಕಾಣುತ್ತದೆ.

110 ಸೆಂ.ಮೀ.ನಿಂದ 2xನಲ್ಲಿ ಅಡ್ಡ ವಿಡಿಯೊ ತೆಗೆದರೆ ಮೇಜಿನ ಮೇಲೆ ಸುಮಾರು 65ರಿಂದ 70 ಸೆಂ.ಮೀ. ಅಗಲ, 37ರಿಂದ 40 ಸೆಂ.ಮೀ. ಉದ್ದದ ಜಾಗ ಸಿಗುತ್ತದೆ. ಫೋನಿನಿಂದ ಫೋನಿಗೆ ಇದು ವ್ಯತ್ಯಾಸವಾಗುವುದರಿಂದ ಅಳತೆ ಟೇಪನ್ನು ಮೇಜಿನ ಮೇಲೆ ಹಾಸಿ, ವಿಡಿಯೊ ಮೋಡ್‌ನಲ್ಲೇ ಓದಿಕೊಳ್ಳಿ. ಫೋಟೊ ಮೋಡ್‌ನಲ್ಲಿ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ವಿಡಿಯೊಗೆ ಹೋದಾಗ ಅಲುಗಾಟ ತಡೆಯುವ ವ್ಯವಸ್ಥೆ ಅಂಚುಗಳನ್ನು ಕತ್ತರಿಸುತ್ತದೆ.

ಈಗ ಪ್ಯಾನ್ ಲೆಕ್ಕ. ಇಂಡಕ್ಷನ್ ಒಲೆಯ ಎತ್ತರ 7 ಸೆಂ.ಮೀ., ಪ್ಯಾನಿನ ಗೋಡೆ 5 ಸೆಂ.ಮೀ. ಎಂದಾದರೆ ಅದರ ಬಾಯಿ ಮೇಜಿನಿಂದ 12 ಸೆಂ.ಮೀ. ಮೇಲಿದೆ. 24 ಸೆಂ.ಮೀ.ನ ಪ್ಯಾನ್ ಆಗ 27 ಸೆಂ.ಮೀ.ನಷ್ಟು ಜಾಗ ತಿನ್ನುತ್ತದೆ. ಅಡ್ಡ ಫ್ರೇಮಿನಲ್ಲಿ ಇದು ಆರಾಮಾಗಿ ಕೂರುತ್ತದೆ. ಆದರೆ ಇದೇ ವಿಡಿಯೊವನ್ನು ಆಮೇಲೆ ಲಂಬಕ್ಕೆ ಕತ್ತರಿಸಿಕೊಳ್ಳುತ್ತೇನೆ ಎಂದರೆ ಸಿಗುವ ಅಗಲ 21ರಿಂದ 22 ಸೆಂ.ಮೀ. ಮಾತ್ರ, ಪ್ಯಾನಿನ ಎರಡೂ ಬದಿ ಕತ್ತರಿಸಿಹೋಗುತ್ತವೆ. ಲಂಬವೋ ಅಡ್ಡವೋ ಎಂಬುದನ್ನು ಈಗಲೇ ತೀರ್ಮಾನಿಸಿ ಫೋನನ್ನು ಹಾಗೆಯೇ ಕಟ್ಟಿ. ಎರಡಕ್ಕೂ ಒಂದೇ ಟೇಕ್ ಸಾಕಾಗಬೇಕಿದ್ದರೆ ಪ್ಯಾನ್ 18 ಸೆಂ.ಮೀ.ಗಿಂತ ಚಿಕ್ಕದಿರಲಿ.

ಮಾಮೂಲಿ ಅಡುಗೆ ಕಟ್ಟೆಯ ಮೇಲೆ 110 ಸೆಂ.ಮೀ. ಎಂದರೆ ಫೋನ್ ನೆಲದಿಂದ ಎರಡು ಮೀಟರ್ ಎತ್ತರಕ್ಕೆ ಹೋಗುತ್ತದೆ, ಪರದೆಯನ್ನು ನೋಡಲಾಗುವುದಿಲ್ಲ. 50 ಸೆಂ.ಮೀ. ಎತ್ತರದ ತಗ್ಗು ಮೇಜು ಹಾಕಿ, ಅಡುಗೆ ಮಾಡುವವರು ಕುರ್ಚಿಯಲ್ಲಿ ಕುಳಿತರೆ ಈ ತೊಂದರೆ ಇರುವುದಿಲ್ಲ. ಕುಳಿತವರ ತಲೆ ಫ್ರೇಮಿನೊಳಕ್ಕೆ ಬಗ್ಗುವುದೂ ಕಡಿಮೆ.

ಸ್ಟ್ಯಾಂಡ್ ಮತ್ತು ಅಡ್ಡಕೋಲು

ಮೇಜಿನ ಅಂಚಿಗೆ ಕಚ್ಚುವ ಕ್ಲಾಂಪ್ ಸ್ಟ್ಯಾಂಡ್ ಅಡುಗೆಗೆ ಬೇಡ. ಈರುಳ್ಳಿ ಹೆಚ್ಚುವಾಗ ಚಾಕುವಿನ ಪ್ರತಿ ಪೆಟ್ಟೂ ಮೇಜಿನಿಂದ ಕೋಲಿಗೆ, ಕೋಲಿನಿಂದ ಫೋನಿಗೆ ಹೋಗುತ್ತದೆ. ಚಿತ್ರ ತಾಳಕ್ಕೆ ತಕ್ಕಂತೆ ನಡುಗುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ತೆಗೆಯಲು ಆಗದು. ಸ್ಟ್ಯಾಂಡ್ ನೆಲದ ಮೇಲೆ ನಿಲ್ಲಬೇಕು, ಮೇಜಿಗೆ ಎಲ್ಲೂ ತಾಗಬಾರದು.

ಎರಡು ದಾರಿಗಳಿವೆ. ಮೇಜಿನ ಎರಡೂ ಬದಿಗೆ ಎರಡು ಲೈಟ್ ಸ್ಟ್ಯಾಂಡ್ ನಿಲ್ಲಿಸಿ, ನಡುವೆ ಒಂದು ಕೋಲು ಕಟ್ಟಿ, ಅದರ ಮಧ್ಯಕ್ಕೆ ಫೋನ್ ಕ್ಲಾಂಪ್ ಸಿಕ್ಕಿಸುವುದು ಒಂದು. ಇದಕ್ಕೆ ಎದುರುಭಾರ ಬೇಕಿಲ್ಲ, ಬಾಗುವುದೂ ಕಡಿಮೆ. ಜಾಗ ಇದ್ದರೆ ಇದೇ ಒಳ್ಳೆಯದು. ಇನ್ನೊಂದು, ಒಂದೇ ಭಾರದ ಸ್ಟ್ಯಾಂಡಿನಿಂದ ಅಡ್ಡಕೋಲನ್ನು ಮೇಜಿನ ಮೇಲಕ್ಕೆ ಚಾಚುವುದು. ಇಲ್ಲಿ ಮೂರು ಸಂಗತಿ ತಪ್ಪಬಾರದು. ಸ್ಟ್ಯಾಂಡಿನ ಒಂದು ಕಾಲು ಕೋಲು ಚಾಚಿದ ದಿಕ್ಕಿಗೇ ಇರಬೇಕು. ಕೋಲಿನ ಭಾರ, ಅದು ಸ್ಟ್ಯಾಂಡಿಗೆ ಸೇರುವ ಗಂಟಿನ ತಿರುಪನ್ನು ಬಿಗಿಯುವ ಕಡೆಗೆ ಎಳೆಯಬೇಕು. ಸಡಿಲಿಸುವ ಕಡೆಗೆ ಎಳೆದರೆ ಫೋನ್ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ, ಮೊದಲ ಶಾಟಿಗೂ ಕೊನೆಯ ಶಾಟಿಗೂ ಫ್ರೇಮ್ ಹೊಂದುವುದಿಲ್ಲ. ಮೂರನೆಯದು ಎದುರುಭಾರ. ಫೋನ್, ಕ್ಲಾಂಪ್ ಸೇರಿ 350 ಗ್ರಾಂ ಇದ್ದು, ಗಂಟಿನಿಂದ 80 ಸೆಂ.ಮೀ. ದೂರದಲ್ಲಿದ್ದರೆ ಇನ್ನೊಂದು ತುದಿಯಲ್ಲಿ ಗಂಟಿನಿಂದ 28 ಸೆಂ.ಮೀ. ದೂರಕ್ಕೆ 1 ಕಿಲೋ ತೂಗುಹಾಕಬೇಕು. ಕೋಲಿನ ಸ್ವಂತ ತೂಕವೂ ಮುಂದಕ್ಕೇ ಎಳೆಯುವುದರಿಂದ ಇನ್ನಷ್ಟು ಸೇರಿಸಿ, ಗಂಟು ಸಡಿಲಿಸಿದಾಗಲೂ ಕೋಲು ಸಮವಾಗಿ ನಿಲ್ಲುವಂತೆ ನೋಡಿಕೊಳ್ಳಿ. ಕಾಲಿನ ಮೇಲೆ ಮರಳಿನ ಚೀಲ ಇಡಿ.

ಕೆಳಗೆ ಕಾದ ಎಣ್ಣೆ ಇರುತ್ತದೆ. ಕ್ಲಾಂಪಿನಿಂದ ಕೋಲಿಗೆ ಒಂದು ಗಟ್ಟಿ ದಾರವನ್ನು ಪ್ರತ್ಯೇಕವಾಗಿ ಕಟ್ಟಿ. ಕ್ಲಾಂಪ್ ಕಳಚಿದರೂ ಫೋನ್ ಪ್ಯಾನಿಗೆ ಬೀಳಬಾರದು.

ಮಟ್ಟ ಮಾಡುವುದು

ಫೋನ್ ಮೇಜಿಗೆ ಸಮಾನಾಂತರವಾಗಿ ಇಲ್ಲದಿದ್ದರೆ ದುಂಡನೆಯ ತಟ್ಟೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಹೆಚ್ಚುವ ಮಣೆಯ ಒಂದು ಬದಿ ಇನ್ನೊಂದಕ್ಕಿಂತ ಕಿರಿದಾಗುತ್ತದೆ. ಫೋನಿನ ಪರದೆಯ ಮೇಲೆ ಚಿಕ್ಕ ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ನೋಡಬಹುದು. ಆದರೆ ಮೇಜೇ ವಾಲಿದ್ದರೆ ಅದರಿಂದ ಪ್ರಯೋಜನವಿಲ್ಲ. ಹೆಚ್ಚು ನಂಬಬಹುದಾದ ಉಪಾಯ ಕನ್ನಡಿಯದು. ಫ್ರೇಮಿನ ನಟ್ಟನಡುವೆ ಚಿಕ್ಕ ಚಪ್ಪಟೆ ಕನ್ನಡಿಯೊಂದನ್ನು ಮೇಜಿನ ಮೇಲೆ ಮಲಗಿಸಿ, ಪರದೆಯಲ್ಲಿ ನೋಡಿ. ಬಳಸುತ್ತಿರುವ ಲೆನ್ಸಿನ ಪ್ರತಿಬಿಂಬ ಪರದೆಯ ಮಧ್ಯಬಿಂದುವಿನಲ್ಲೇ ಕಂಡರೆ ಫೋನ್ ಮೇಜಿಗೆ ನೇರವಾಗಿದೆ. ಪಕ್ಕಕ್ಕೆ ಸರಿದಿದ್ದರೆ ಫೋನನ್ನು ವಾಲಿಸುತ್ತಾ ಮಧ್ಯಕ್ಕೆ ತನ್ನಿ.

ಇನ್ನೊಂದು ತಲೆನೋವು ದಿಕ್ಕಿನದು. ಫೋನ್ ಪೂರ್ತಿ ಕೆಳಮುಖವಾದಾಗ ಮೇಲು ಯಾವುದು, ಬದಿ ಯಾವುದು ಎಂಬುದು ಅದಕ್ಕೆ ತಿಳಿಯದೆ ವಿಡಿಯೊ ತಲೆಕೆಳಗಾಗಿ ದಾಖಲಾಗಬಹುದು. ಫೋನನ್ನು ಮೊದಲು ಬೇಕಾದ ದಿಕ್ಕಿನಲ್ಲಿ ನೆಟ್ಟಗೆ ಹಿಡಿದು ಕ್ಯಾಮೆರಾ ತೆರೆದು, ಆಮೇಲೆ ನಿಧಾನವಾಗಿ ಕೆಳಕ್ಕೆ ಬಗ್ಗಿಸಿ. ಐದು ಸೆಕೆಂಡ್ ರೆಕಾರ್ಡ್ ಮಾಡಿ ತೆರೆದು ನೋಡಿ. ಫ್ರೇಮಿನ ಕೆಳ ಅಂಚು ಅಡುಗೆ ಮಾಡುವವರ ಕಡೆಗೇ ಇರಲಿ, ಕೈಗಳು ಕೆಳಗಿನಿಂದ ಬಂದರೆ ನೋಡುವವರಿಗೆ ತಮ್ಮದೇ ಕೈಯಂತೆ ಅನಿಸುತ್ತದೆ.

ಬೆಳಕು ಎಲ್ಲಿಂದ

ಮೊದಲು ಕೋಣೆಯ ಚಾವಣಿ ದೀಪಗಳನ್ನು ಆರಿಸಿ. ಅವು ಫೋನಿನ, ಕೋಲಿನ, ತಲೆಯ ನೆರಳನ್ನು ನೇರ ಆಹಾರದ ಮೇಲೆ ಬೀಳಿಸುತ್ತವೆ. ನಿಮ್ಮ ದೀಪದ ಬಣ್ಣಕ್ಕೂ ಅವುಗಳ ಬಣ್ಣಕ್ಕೂ ಹೊಂದದೆ ತಟ್ಟೆಯ ಅರ್ಧ ಹಳದಿ, ಅರ್ಧ ನೀಲಿಯಾಗುವುದೂ ಉಂಟು.

ಮೇಲಿನ ಕ್ಯಾಮೆರಾಗೆ ಒಂದೇ ದೊಡ್ಡ ಮೃದು ಬೆಳಕು ಸಾಕು. ಅದರ ಜಾಗ: ಬಲಗೈಯವರು ಅಡುಗೆ ಮಾಡುತ್ತಿದ್ದರೆ ಅವರ ಎದುರಿನ ಎಡ ಮೂಲೆ, ಗಡಿಯಾರದಲ್ಲಿ ಹತ್ತರಿಂದ ಹನ್ನೊಂದರ ನಡುವೆ. ಆಗ ಕೈಯ ನೆರಳು ಕೆಳಗೆ ಬಲಕ್ಕೆ, ಆಹಾರದಿಂದ ಆಚೆಗೆ ಬೀಳುತ್ತದೆ. ಎಡಗೈಯವರಿಗೆ ಇದನ್ನು ಒಂದು, ಎರಡರ ಕಡೆಗೆ ತಿರುಗಿಸಿ. ಅಡುಗೆಯವರ ಬೆನ್ನ ಹಿಂದಿನಿಂದ ಬೆಳಕು ಎಂದೂ ಬೇಡ, ಅವರ ದೇಹವೇ ಪ್ಯಾನಿನ ಮೇಲೆ ಕತ್ತಲಾಗುತ್ತದೆ.

ಎತ್ತರದ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ಕ್ಯಾಮೆರಾ ನೇರ ಮೇಲಿರುವುದರಿಂದ ಪ್ಯಾನಿನ ತಳ, ಎಣ್ಣೆ, ಸಾರಿನಂಥ ಸಮತಟ್ಟು ಮೇಲ್ಮೈಗಳೆಲ್ಲ ಕ್ಯಾಮೆರಾಗೆ ತೋರಿಸುವುದು ಅದರ ಸುತ್ತಲಿನ ಚಾವಣಿಯನ್ನೇ. ದೀಪ ಕ್ಯಾಮೆರಾದ ಪಕ್ಕದಲ್ಲಿ, ಎತ್ತರದಲ್ಲಿ ಇದ್ದರೆ ಆ ದೀಪವೇ ಎಣ್ಣೆಯಲ್ಲಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಮೇಜಿನ ಮಟ್ಟದಿಂದ 30ರಿಂದ 45 ಡಿಗ್ರಿಯಷ್ಟೇ ಮೇಲೆ ದೀಪ ಇಟ್ಟರೆ ಸಮತಟ್ಟಿನಿಂದ ಹೊರಟ ಹೊಳಪು ಎದುರು ಬದಿಗೆ ಹಾರಿಹೋಗುತ್ತದೆ, ಕ್ಯಾಮೆರಾಗೆ ತಲುಪುವುದಿಲ್ಲ. ಮೊಟ್ಟೆಯ ಹಳದಿಯಂಥ ಉಬ್ಬಿನ ಮೇಲೆ ಮಾತ್ರ ಚಿಕ್ಕ ಹೊಳಪು ಉಳಿಯುತ್ತದೆ, ಅದು ಬೇಕಾದದ್ದೇ. ತರಕಾರಿ ಚೂರುಗಳ ಮೈ ಎದ್ದು ಕಾಣುವುದೂ ಈ ಓರೆ ಬೆಳಕಿನಿಂದಲೇ. ಪ್ರತಿಫಲನ ತಡೆಯಲು ಪೋಲರೈಜರ್ ಫಿಲ್ಟರ್ ಕೊಳ್ಳುವ ಯೋಚನೆ ಇದ್ದರೆ ಬಿಡಿ. ಅದು ಕೆಲಸ ಮಾಡುವುದು ನೀರು, ಗಾಜುಗಳನ್ನು ಓರೆಯಾಗಿ ನೋಡಿದಾಗ. ನೇರ ಮೇಲಿನಿಂದ ನೋಡಿದಾಗ ಹೆಚ್ಚೇನೂ ಆಗದು, ಬರಿಯ ಲೋಹದ ಹೊಳಪಿನ ಮೇಲೂ ಅದರ ಆಟ ನಡೆಯುವುದಿಲ್ಲ.

ದೀಪ ಮೇಜಿಗೆ ತೀರಾ ಹತ್ತಿರ ಬೇಡ. ಫ್ರೇಮಿನ ಹತ್ತಿರದ ಅಂಚಿಗೆ 60 ಸೆಂ.ಮೀ., ದೂರದ ಅಂಚಿಗೆ 120 ಸೆಂ.ಮೀ. ಇದ್ದರೆ ಎರಡು ಅಂಚುಗಳ ಬೆಳಕಿನ ವ್ಯತ್ಯಾಸ ನಾಲ್ಕು ಪಟ್ಟಿನವರೆಗೆ ಹೋಗಬಹುದು. ಅದನ್ನೇ 120, 180ಕ್ಕೆ ಹಿಂದೆ ಸರಿಸಿದರೆ ಎರಡೂಕಾಲು ಪಟ್ಟಿಗೆ ಇಳಿಯುತ್ತದೆ. ಉಳಿದದ್ದನ್ನು ಎದುರು ಬದಿಯಲ್ಲಿ, ಫ್ರೇಮಿನ ಹೊರಗೆ ನಿಲ್ಲಿಸಿದ ಬಿಳಿ ಥರ್ಮಾಕೋಲ್ ಹಲಗೆ ತುಂಬಿಕೊಡುತ್ತದೆ. 60ಕ್ಕೆ 90 ಸೆಂ.ಮೀ.ನ ಸಾಫ್ಟ್‌ಬಾಕ್ಸ್ ಈ ದೂರಕ್ಕೆ ಸರಿಯಾಗುತ್ತದೆ. ಬಣ್ಣ ತೋರುವ ಗುಣ, ಅಂದರೆ ಸಿಆರ್‌ಐ 95ಕ್ಕೆ ಕಡಿಮೆ ಇಲ್ಲದ ಎಲ್‌ಇಡಿ ಇರಲಿ. ಕಡಿಮೆಯದರಲ್ಲಿ ಟೊಮೆಟೊ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕಿಟಕಿ ಬೆಳಕೂ ಚೆನ್ನ, ಆದರೆ ಮೋಡ ಬಂದುಹೋದಾಗಲೆಲ್ಲ ಶಾಟ್‌ಗಳ ಬಣ್ಣ ಬದಲಾಗುತ್ತದೆ. ಒಂದು ಗಂಟೆ ಮೀರುವ ಚಿತ್ರೀಕರಣಕ್ಕೆ ನಂಬಬೇಡಿ.

ಕ್ಯಾಮೆರಾದ ಲಾಕ್‌ಗಳು

ಆಟೊದಲ್ಲೇ ಬಿಟ್ಟರೆ ಬಿಳಿ ತಟ್ಟೆ ಬಂದಾಗ ಚಿತ್ರ ಕತ್ತಲಾಗುತ್ತದೆ, ಕಪ್ಪು ಪ್ಯಾನ್ ಬಂದಾಗ ಬೆಳ್ಳಗಾಗುತ್ತದೆ, ಕೈ ಬಂದಾಗ ಫೋಕಸ್ ಕೈಯ ಹಿಂದೆ ಓಡುತ್ತದೆ. ಬಿಳಿ ತಟ್ಟೆ, ಕಪ್ಪು ಪ್ಯಾನ್ ಎರಡನ್ನೂ ಒಟ್ಟಿಗೆ ಫ್ರೇಮಿನಲ್ಲಿಟ್ಟು, ತಟ್ಟೆಯ ಅಂಚಿನ ಗೆರೆ ಕಾಣುವವರೆಗೆ ಎಕ್ಸ್‌ಪೋಷರ್ ಇಳಿಸಿ ಲಾಕ್ ಮಾಡಿ. ಐಫೋನ್‌ನಲ್ಲಿ ಪರದೆಯನ್ನು ಒತ್ತಿ ಹಿಡಿದರೆ AE/AF LOCK ಎಂದು ಬರುತ್ತದೆ. ಕೈಯಾರೆ ಹೊಂದಿಸುವ ಕ್ಯಾಮೆರಾ ಆ್ಯಪ್ ಇದ್ದರೆ ಬಣ್ಣವನ್ನೂ ದೀಪಕ್ಕೆ ತಕ್ಕಂತೆ, ಸಾಮಾನ್ಯವಾಗಿ 5600 ಕೆಲ್ವಿನ್‌ಗೆ ನಿಲ್ಲಿಸಿ. ಮನೆಯ ವಿದ್ಯುತ್ 50 ಹರ್ಟ್ಸ್ ಆಗಿದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಥವಾ 1/100. 60 ಹರ್ಟ್ಸ್ ಆಗಿದ್ದರೆ 30 ಫ್ರೇಮ್, 1/60 ಅಥವಾ 1/120. ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ತೇಲುತ್ತವೆ, ದೀಪವನ್ನು ಮಂದ ಮಾಡಿದಾಗ ಇದು ಹೆಚ್ಚು.

ಫೋಕಸ್ ಮೇಜಿಗಲ್ಲ, ಆಹಾರ ಇರುವ ಮಟ್ಟಕ್ಕೆ. ಇಲ್ಲೊಂದು ಸಣ್ಣ ಕೆಲಸ ಬಹಳ ಉಪಕಾರ ಮಾಡುತ್ತದೆ: ಒಲೆಯಷ್ಟೇ ಎತ್ತರದ, 7 ಸೆಂ.ಮೀ.ನ ಗಟ್ಟಿ ಪೆಟ್ಟಿಗೆಯ ಮೇಲೆ ಹೆಚ್ಚುವ ಮಣೆಯನ್ನೂ ಕೊನೆಯ ತಟ್ಟೆಯನ್ನೂ ಇಡಿ. ಆಗ ಹೆಚ್ಚುವುದು, ಬೇಯಿಸುವುದು, ಬಡಿಸುವುದು ಎಲ್ಲ ಒಂದೇ ಮಟ್ಟದಲ್ಲಿ ನಡೆಯುತ್ತದೆ, ಫೋಕಸನ್ನು ಮತ್ತೆ ಮುಟ್ಟಬೇಕಿಲ್ಲ. ರೆಕಾರ್ಡ್ ಶುರು ಮಾಡಲು ಬ್ಲೂಟೂತ್ ರಿಮೋಟ್ ಬಳಸಿ. ಕೈಯಿಂದ ಒತ್ತಿದರೆ ಮಟ್ಟ ಕೆಡುತ್ತದೆ.

ಶಾಟ್‌ಗಳ ಸರದಿ

ಅಡುಗೆಯ ಕ್ರಮವೇ ಚಿತ್ರೀಕರಣದ ಕ್ರಮ ಆಗಬೇಕಿಲ್ಲ. ಪ್ರತಿ ಹಂತಕ್ಕೂ ಎರಡು ಪ್ರಶ್ನೆ ಕೇಳಿ: ಇದನ್ನು ಮತ್ತೆ ಮಾಡಲು ಸಾಧ್ಯವೇ? ಇದನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ರೂಪ ಕೆಡುತ್ತದೆಯೇ? ಹೆಚ್ಚಿದ ಈರುಳ್ಳಿ ಅರ್ಧ ಗಂಟೆ ಇದ್ದರೂ ಹಾಗೇ ಕಾಣುತ್ತದೆ. ಹೆಚ್ಚಿದ ಟೊಮೆಟೊ ರಸ ಬಿಡುತ್ತದೆ. ಕಲಕಿದ ಮೊಟ್ಟೆಯ ನೊರೆ ಕೆಲವು ನಿಮಿಷಗಳಲ್ಲೇ ಇಳಿಯುತ್ತದೆ. ನೊರೆ ಇದ್ದ ಬಟ್ಟಲಿನಿಂದ ನೊರೆಯಿಲ್ಲದ ಮೊಟ್ಟೆ ಸುರಿದರೆ ನೋಡುವವರಿಗೆ ಏನೋ ತಪ್ಪಿದಂತೆ ಅನಿಸುತ್ತದೆ. ಆದ್ದರಿಂದ ಹಾಗೇ ಉಳಿಯುವಂಥದ್ದು ಮೊದಲು, ಉಳಿಯದಿರುವಂಥದ್ದು ಕೊನೆಗೆ.

ಒಂದು ಆಮ್ಲೆಟ್‌ಗೆ 3 ಮೊಟ್ಟೆ, 40 ಗ್ರಾಂ ಈರುಳ್ಳಿ, 40 ಗ್ರಾಂ ಟೊಮೆಟೊ, ಎರಡು ಚಮಚ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಎಂದಿಟ್ಟುಕೊಂಡರೆ ಮೂರು ಆಮ್ಲೆಟ್‌ಗೆ ಆಗುವಷ್ಟು ತಂದಿಡಿ. ಒಂದು ತಾಲೀಮಿಗೆ, ಒಂದು ಟೇಕಿಗೆ, ಒಂದು ಕೆಟ್ಟರೆ ಎಂದು. ತಾಲೀಮನ್ನು ಬಿಡಬೇಡಿ. ಹಬೆ ಎಷ್ಟು ಏಳುತ್ತದೆ, ಸಟ್ಟುಗ ಹಿಡಿದ ಮೊಣಕೈ ಎಲ್ಲಿ ಅಡ್ಡ ಬರುತ್ತದೆ, ಮಡಿಸುವಾಗ ತಲೆ ಫ್ರೇಮಿಗೆ ಬಗ್ಗುತ್ತದೆಯೇ ಎಂಬುದೆಲ್ಲ ತಿಳಿಯುವುದು ಅಲ್ಲೇ. ತಾಲೀಮಿನ ಆಮ್ಲೆಟ್ ಅನ್ನು ತಟ್ಟೆಯಲ್ಲಿಟ್ಟು ಕೊನೆಯ ಶಾಟಿನ ಜಾಗವನ್ನೂ ಗುರುತಿಸಿಕೊಳ್ಳಿ.

ಆಮೇಲೆ ಸರದಿ ಹೀಗೆ:

1. ಇಡೀ ಸಾಮಗ್ರಿಗಳ ಶಾಟ್. ಒಂದು ಈರುಳ್ಳಿ ಕತ್ತರಿಸಿದರೂ ಇದನ್ನು ಮತ್ತೆ ತೆಗೆಯಲಾಗದು, ಹಾಗಾಗಿ ಮೊದಲು ಇದೇ.
2. ಈರುಳ್ಳಿ ಹೆಚ್ಚುವುದು, ನಂತರ ಟೊಮೆಟೊ. ಮೊದಲ ಕೆಲವು ಕೊಯ್ತ, ಕೊನೆಯ ಕೆಲವು ಕೊಯ್ತ ಸಾಕು. ನಡುವೆ ಮಣೆ ಒರೆಸಿ.
3. ಮಣೆ ತೆಗೆದು ಅದೇ ಜಾಗಕ್ಕೆ ಒಲೆ, ಪ್ಯಾನ್ ತಂದು ಜಾಗ ಗುರುತು ಮಾಡಿ. ಒಲೆ ಇನ್ನೂ ಹಚ್ಚಬೇಡಿ.
4. ಪ್ಯಾನ್ ಪಕ್ಕದಲ್ಲೇ ಬಟ್ಟಲಿಟ್ಟು ಮೊಟ್ಟೆ ಒಡೆಯುವುದು. ಕಲಕುವುದನ್ನು ತಡೆದಿಡಿ.
5. ಎಣ್ಣೆ, ಈರುಳ್ಳಿ. ಈರುಳ್ಳಿ ಬಾಡುತ್ತಿರುವಾಗ ಮೊಟ್ಟೆಗೆ ಉಪ್ಪು, ಮೆಣಸು ಹಾಕಿ ಕಲಕುವುದು.
6. ಮೊಟ್ಟೆ ಸುರಿಯುವುದು, ಟೊಮೆಟೊ ಹರಡುವುದು, ಮಡಿಸುವುದು. ಇಷ್ಟನ್ನೂ ರೆಕಾರ್ಡಿಂಗ್ ನಿಲ್ಲಿಸದೆ ಒಂದೇ ಓಟದಲ್ಲಿ.
7. ತಟ್ಟೆಗೆ ಜಾರಿಸುವುದು, ಕತ್ತರಿಸಿ ಒಳಭಾಗ ತೋರಿಸುವುದು.

ಐದನೆಯದರಿಂದ ಏಳನೆಯದರವರೆಗೆ ನಡುವೆ ನಿಲುಗಡೆ ಇಲ್ಲ. ಅದಕ್ಕೆ ಮುಂಚೆ ಫೋನಿನಲ್ಲಿ ಜಾಗ ನೋಡಿಕೊಳ್ಳಿ. 4ಕೆ ವಿಡಿಯೊ ನಿಮಿಷಕ್ಕೆ, ದಾಖಲಿಸುವ ಬಗೆಗೆ ತಕ್ಕಂತೆ, 170ರಿಂದ 350 ಎಂಬಿ ತಿನ್ನುತ್ತದೆ. ಲೆನ್ಸನ್ನೂ ಒಮ್ಮೆ ಒರೆಸಿ. ಹಬೆ ಬಂದಾಗ ಚಿತ್ರದ ಕಪ್ಪು ಭಾಗಗಳು ಬೂದು ಬಣ್ಣಕ್ಕೆ ತಿರುಗುತ್ತವೆ. ಪ್ಯಾನಿನ ಹಬೆ ಇಳಿದ ಮೇಲೂ ಬೂದು ಉಳಿದರೆ ಮಂಜು ಕೂತಿರುವುದು ಲೆನ್ಸಿನ ಮೇಲೆ ಎಂದು ಅರ್ಥ. ಇಂಡಕ್ಷನ್ ಒಲೆಯನ್ನು ತೀರಾ ಕಡಿಮೆ ಉರಿಗೆ ಇಳಿಸಿದರೆ ಅನೇಕ ಒಲೆಗಳು ಬಿಟ್ಟುಬಿಟ್ಟು ಕಾಯುತ್ತವೆ. ಎಣ್ಣೆಯ ಗುಳ್ಳೆ ಎದ್ದು ನಿಂತು ಮತ್ತೆ ಏಳುವುದು ಮೇಲಿನಿಂದ ಸ್ಪಷ್ಟವಾಗಿ ಕಾಣುವುದರಿಂದ ನಡು ಉರಿಯಲ್ಲೇ ಇರಿಸಿ.

ಪ್ರತಿ ಕ್ರಿಯೆಗೂ ಒಂದು ಚೌಕಟ್ಟು ಇರಲಿ. ಖಾಲಿ ಫ್ರೇಮ್ ಎರಡು ಸೆಕೆಂಡ್, ಕೈ ಒಳಗೆ, ಕೆಲಸ, ಕೈ ಪೂರ್ತಿ ಹೊರಗೆ, ಮತ್ತೆ ಎರಡು ಸೆಕೆಂಡ್. ಕೈ ಹೊರಹೋಗುವ ಮುಂಚೆ ಕತ್ತರಿಸಿದರೆ ಮುಂದಿನ ಶಾಟಿನಲ್ಲಿ ಕೈ ಹಾರಿ ಬಂದಂತೆ ಕಾಣುತ್ತದೆ. ಬಟ್ಟಲುಗಳು ಯಾವಾಗಲೂ ಒಂದೇ ಬದಿಯಿಂದ ಬಂದು ಅದೇ ಬದಿಗೆ ಹೋಗಲಿ. ಬಟ್ಟಲಿನ ಅಡಿಗೆ, ಕ್ಯಾಮೆರಾಗೆ ಕಾಣದಷ್ಟು ಚಿಕ್ಕ ಟೇಪ್ ಚೂರು ಅಂಟಿಸಿದರೆ ಜಾಗ ತಪ್ಪುವುದಿಲ್ಲ. ಸುರಿಯುವಾಗ ಬಟ್ಟಲನ್ನು ಪ್ಯಾನಿನ ನಡುವೆ ಹಿಡಿದರೆ ಬಟ್ಟಲಿನ ಬೆನ್ನೇ ಚಿತ್ರ ತುಂಬುತ್ತದೆ. ಅಂಚಿನಿಂದ, ತಗ್ಗಿನಲ್ಲಿ, ನಿಧಾನವಾಗಿ ಸುರಿಯಿರಿ. ಮಾಮೂಲಿ ಕೈವೇಗದ ಅರ್ಧದಷ್ಟು ವೇಗವೇ ಪರದೆಯ ಮೇಲೆ ಸಹಜವಾಗಿ ಕಾಣುತ್ತದೆ. ವೇಗ ಹೆಚ್ಚಿಸುವುದು ಎಡಿಟಿಂಗ್‌ನಲ್ಲಿ ಸುಲಭ, ಇಳಿಸಿದರೆ ಚಿತ್ರ ತಡವರಿಸುತ್ತದೆ.

ಪರದೆಯ ಮೇಲಿನ ಕ್ರಮ ಬೇರೆ. ಕತ್ತರಿಸಿದ ಆಮ್ಲೆಟ್‌ನ ಎರಡು ಮೂರು ಸೆಕೆಂಡ್ ಎಲ್ಲಕ್ಕಿಂತ ಮೊದಲು ಬರುತ್ತದೆ, ಆಮೇಲೆ ಸಾಮಗ್ರಿ, ಹೆಚ್ಚುವುದು, ಒಡೆಯುವುದು, ಕಲಕುವುದು, ಅದಾದ ಮೇಲೆ ಎಣ್ಣೆ. ಕಲಕುವುದು ಈರುಳ್ಳಿ ಬಾಡುವಾಗ ನಡೆದಿದ್ದರೂ ಮುಂಚೆಯೇ ಬರಬಹುದು, ಬಟ್ಟಲಿನ ಸುತ್ತ ಬಿಸಿ ಪ್ಯಾನ್ ಕಾಣದಂತೆ ಆ ಶಾಟನ್ನು ಬಿಗಿಯಾಗಿ ಕತ್ತರಿಸಿಕೊಂಡರೆ ಸಾಕು. 4ಕೆಯಲ್ಲಿ ತೆಗೆದಿದ್ದರೆ ಅಷ್ಟು ಕತ್ತರಿಸಲು ಜಾಗ ಇರುತ್ತದೆ.

ಕೊನೆಯ ಶಾಟ್ ಮುಗಿದ ಮೇಲೆ ಏನನ್ನೂ ಬಿಚ್ಚಬೇಡಿ. ಕ್ಲಿಪ್‌ಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿ ಪೂರ್ತಿ ಪರದೆಯಲ್ಲಿ ನೋಡಿ. ಫೋಕಸ್, ಪಟ್ಟೆಗಳು, ತಲೆಯ ನೆರಳು, ಅಂಚಿನಲ್ಲಿ ಇಣುಕುವ ಕೋಲು, ಈ ನಾಲ್ಕನ್ನು ಹುಡುಕಿ. ಹೆಚ್ಚುವ ಶಾಟ್ ಕೆಟ್ಟಿದ್ದರೆ ಉಳಿದ ಈರುಳ್ಳಿಯಿಂದ ಈಗಲೇ ಮತ್ತೆ ತೆಗೆಯಬಹುದು. ಪ್ಯಾನಿನ ಶಾಟ್ ಒಂದೇ ಒಂದು ಕೆಟ್ಟಿದ್ದರೂ ತೇಪೆ ಹಾಕಲು ಹೋಗದೆ ಪ್ಯಾನ್ ತೊಳೆದು, ಪೂರ್ತಿ ಆರಿಸಿ, ಮೂರನೆಯ ಆಮ್ಲೆಟ್‌ನಿಂದ ಐದನೆಯ ಹಂತದಿಂದ ಏಳರವರೆಗೆ ಹೊಸದಾಗಿ ತೆಗೆಯಿರಿ. ಎರಡು ಬೇರೆ ಆಮ್ಲೆಟ್‌ಗಳ ಅಂಚೂ ಟೊಮೆಟೊ ಚೂರುಗಳ ಜಾಗವೂ ಎಂದಿಗೂ ಹೊಂದುವುದಿಲ್ಲ.